ಕೊನೆಗಾರ ಲಾಗ್ 14: ಆ ಒಂದು ಸಾಲು ಕೊನೆಗೂ ಸಿಕ್ಕಿತು

ನಿನ್ನೆ ರಾತ್ರಿ ಒಬ್ಬ ಕನ್ನಡ ಸ್ಟ್ರೀಮರ್ ನಾನು ಮಾಡುತ್ತಿರುವ ಕೊನೆಗಾರ ಗೇಮ್‌ನ ಡೆಮೊವನ್ನು ಮುಕ್ಕಾಲು ಗಂಟೆ ಲೈವ್ ಆಡಿದರು. ಸ್ಟ್ರೀಮ್‌ಗೆ ಅವರು ಕೊಟ್ಟ ಟೈಟಲ್ ನೋಡಿ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ. ಗೇಮ್ ಪರಿಚಯಿಸಲು ಕಳಿಸಿದ ಇಮೇಲ್‌ನಲ್ಲಿ ನಾನು ಬರೆದ ಸಾಲನ್ನೇ ಒಂದಕ್ಷರ ಬದಲಿಸದೆ ಹಾಕಿದ್ದರು. ಆ ಸಾಲಿಗಾಗಿ ಹೆಚ್ಚುಕಡಿಮೆ ಎರಡು ತಿಂಗಳು ಒದ್ದಾಡಿದ್ದೇನೆ. ಈ ಸಲದ ಲಾಗ್ ಪೂರ್ತಿ ಅದರದೇ ಕಥೆ.

ಹೊಸ ಲೆವೆಲ್‌ಗಳು, ಹಗ್ಗದ ಫಿಸಿಕ್ಸ್ ಎಲ್ಲ ಹೋದ ಸಲ ಹೇಳಿದಂತೆಯೇ ಇವೆ. ಅಲ್ಲಿ ಬದಲಾವಣೆ ಇಲ್ಲ.

ಮೊದಲ ಸುತ್ತಿನಲ್ಲಿ 40 ಇಮೇಲ್ ಕಳಿಸಿದ್ದೆ. ಅರ್ಧ ಸ್ಟ್ರೀಮರ್‌ಗಳಿಗೆ, ಅರ್ಧ ಗೇಮ್ ಬಗ್ಗೆ ಬರೆಯುವವರಿಗೆ. ಬಂದ ಉತ್ತರ ಸೊನ್ನೆ. ಇಮೇಲ್‌ನಲ್ಲಿದ್ದ ಸ್ಟೀಮ್ ಲಿಂಕ್‌ಗೆ ಬಾಲ ಕಟ್ಟಿದ್ದೆನಾದ್ದರಿಂದ ಎಷ್ಟು ಜನ ಒತ್ತಿದರು ಅಂತ ಗೇಮ್ ಮಾಡುವವರಿಗಾಗಿ ಇರುವ ಸ್ಟೀಮ್‌ವರ್ಕ್ಸ್‌ನಲ್ಲಿ ನೋಡಲು ಆಗುತ್ತಿತ್ತು.

```
https://store.steampowered.com/app/APPID/?utm_source=email&utm_campaign=suttu1
```

ಹತ್ತು ದಿನ ಕಾದು ನೋಡಿದರೆ ಮೂರೇ ಭೇಟಿ. ಅದರಲ್ಲಿ ಎರಡು ನಾನೇ ಲಿಂಕ್ ಪರೀಕ್ಷೆ ಮಾಡಿದ್ದು. ಇದು ಬೇಸರದ ಲೆಕ್ಕವಾದರೂ ಒಂದು ವಿಷಯ ಸ್ಪಷ್ಟವಾಯಿತು. ಗೇಮ್ ಪುಟಕ್ಕೆ ಬಂದು, ನೋಡಿ, ಇಷ್ಟವಾಗದೆ ಹೋದವರು ಹೆಚ್ಚೆಂದರೆ ಒಬ್ಬರು. ಉಳಿದವರು ಪುಟದವರೆಗೆ ಬಂದೇ ಇಲ್ಲ. ಅಂದರೆ ತಪ್ಪು ಇಮೇಲ್‌ನಲ್ಲೇ ಇದೆ.

ಆ ಇಮೇಲ್‌ನ ಮೊದಲ ಸಾಲು ಹೀಗಿತ್ತು: "ಮಲೆನಾಡಿನ ಸುಂದರ ಪರಿಸರದಲ್ಲಿ ನಡೆಯುವ, ಕೈಯಲ್ಲಿ ಬಿಡಿಸಿದ ಚಿತ್ರಗಳುಳ್ಳ, ಮನಸ್ಸಿಗೆ ಹತ್ತಿರವಾಗುವ ಫಿಸಿಕ್ಸ್ ಪ್ಲಾಟ್‌ಫಾರ್ಮರ್." ಬರೆದಾಗ ನನಗೆ ಬಹಳ ಇಷ್ಟವಾಗಿತ್ತು. ಈಗ ಓದಿದರೆ ತೊಂದರೆ ಎದ್ದು ಕಾಣುತ್ತದೆ. ಆಡುವವರು ಏನು ಮಾಡುತ್ತಾರೆ ಅನ್ನುವುದೇ ಅದರಲ್ಲಿಲ್ಲ. ಸುಂದರ, ಹತ್ತಿರ, ಕೈಯಲ್ಲಿ ಬಿಡಿಸಿದ ಅನ್ನುವ ಮಾತುಗಳನ್ನು ಯಾವ ಗೇಮ್‌ಗೆ ಬೇಕಾದರೂ ಅಂಟಿಸಬಹುದು. ದಿನಕ್ಕೆ ಹತ್ತಾರು ಇಂಥ ಇಮೇಲ್ ನೋಡುವವರು ಇದನ್ನು ದಾಟಿ ಹೋದರೆ ಅವರದೇನು ತಪ್ಪು?

ಎರಡನೇ ಪ್ರಯತ್ನದಲ್ಲಿ ಬರೆದ ಸಾಲು ಇದರ ಪೂರ್ತಿ ಉಲ್ಟಾ. "ನೀವೊಬ್ಬ ಕೊನೆಗಾರ. ಅಡಿಕೆ ಮರ ಹತ್ತಿ ಕೊನೆ ಕೊಯ್ದು, ಕೆಳಗೆ ನಿಂತವರಿಗೆ ಹಗ್ಗದಲ್ಲಿ ಜಾರಿಸಿ, ಮರದಿಂದ ಮರಕ್ಕೆ ದಾಟುತ್ತಾ..." ಹೀಗೆ ಉದ್ದಕ್ಕೆ ಹೋಗುತ್ತಿತ್ತು. ಬಳ್ಳಾರಿಯಲ್ಲಿರುವ ಹಾಸ್ಟೆಲ್ ಗೆಳೆಯನಿಗೆ ಫೋನಿನಲ್ಲಿ ಓದಿ ಹೇಳಿದೆ. "ಲೋ, ಕೊನೆ ಅಂದ್ರೆ ಏನೋ? ಲಾಸ್ಟಾ?" ಅಂದ. ತೀರ್ಥಹಳ್ಳಿಯಲ್ಲಿ ಕೊನೆ ಅಂದರೆ ಮೊದಲು ನೆನಪಾಗುವುದು ಅಡಿಕೆ ಗೊನೆ. ಬಳ್ಳಾರಿಯಲ್ಲೇ ಅದು ಅರ್ಥವಾಗದಿದ್ದರೆ ಬೇರೆ ದೇಶದವರಿಗೆ ಹೇಗೆ ಆಗುತ್ತದೆ? ಮರುದಿನ ಅವನಿಗೇ ಮತ್ತೆ ಫೋನ್ ಮಾಡಿ, ನಿನ್ನೆ ಹೇಳಿದ ಗೇಮ್ ಏನು ಅಂತ ಕೇಳಿದೆ. "ತೋಟದ ಗೇಮ್ ಅಲ್ವಾ? ಫಾರ್ಮಿಂಗು" ಅಂದ. ನನ್ನ ಗೇಮ್‌ನಲ್ಲಿ ಒಂದು ಬೀಜವನ್ನೂ ನೆಡುವುದಿಲ್ಲ!

ಈ ಮರುದಿನದ ಫೋನ್ ಈಗ ನನ್ನ ಖಾಯಂ ಪರೀಕ್ಷೆ. ಸಾಲು ಕೇಳಿದ ಕೂಡಲೇ ಎಲ್ಲರೂ ಚೆನ್ನಾಗಿದೆ ಅನ್ನುತ್ತಾರೆ. ಒಂದು ರಾತ್ರಿ ಕಳೆದ ಮೇಲೆ ಅವರ ಬಾಯಲ್ಲಿ ಏನು ಉಳಿದಿದೆ, ಅದನ್ನೇ ನಂಬಬೇಕು. ಸ್ಟ್ರೀಮರ್ ಮಾಡುವುದೂ ಅದೇ ಕೆಲಸ. ನೋಡುಗರು "ಇದ್ಯಾವ ಗೇಮ್?" ಅಂತ ಕೇಳಿದಾಗ ಅವರು ಒಂದೇ ಉಸಿರಿನಲ್ಲಿ ಹೇಳಬೇಕು.

ದಾರಿ ಸಿಕ್ಕಿದ್ದು ತೋಟದಲ್ಲೇ. ಕೊಯ್ಲಿನ ಸಮಯದಲ್ಲಿ ನಮ್ಮಲ್ಲಿಗೆ ಬರುವ ಕೊನೆಗಾರರು ವಯಸ್ಸಿನಲ್ಲಿ ಹಿರಿಯರು. ಕಾಲಿಗೆ ತಳೆ ಹಾಕಿಕೊಂಡು ಒಂದು ಮರ ಹತ್ತಿದರೆಂದರೆ, ತುದಿಯಲ್ಲೇ ಮರವನ್ನು ಮೈಭಾರದಿಂದ ತೂಗಿಸಿ ಪಕ್ಕದ ಮರ ಹಿಡಿಯುತ್ತಾರೆ. ಯಾಕೆ ಇಳಿದು ಹತ್ತುವುದಿಲ್ಲ ಅಂತ ಕೇಳಿದೆ. "ನೆಲ ಮುಟ್ಟಿದ್ರೆ ಹೊತ್ತು ಹೋಯ್ತು ಅಪ್ಪಿ. ಬೆಳಕಿರೋದ್ರೊಳಗೆ ತೋಟ ಮುಗೀಬೇಕಲ್ಲ" ಅಂದರು. ನನ್ನ ಗೇಮ್‌ನ ನಿಯಮ ಪೂರ್ತಿ ಆ ಮಾತಿನಲ್ಲಿತ್ತು. ಏನು ಮಾಡಬೇಕು, ಏನು ಮಾಡಬಾರದು, ಎಷ್ಟರೊಳಗೆ. ನಾನು ಎರಡು ಸಲವೂ ಬಿಟ್ಟಿದ್ದು ಇವನ್ನೇ.

ಸಂಜೆ ಕೂತು ಬರೆದದ್ದು ಇದು:

"50 ಅಡಿ ಎತ್ತರದ ತೆಳ್ಳನೆ ಮರಗಳನ್ನು ತೂಗಿಸಿ ಒಂದರಿಂದ ಒಂದಕ್ಕೆ ದಾಟಿ, ಕತ್ತಲಾಗುವುದರೊಳಗೆ ತೋಟ ಮುಗಿಸಿ, ನೆಲ ಮಾತ್ರ ಮುಟ್ಟಬೇಡಿ."

ಇದರಲ್ಲಿ ಅಡಿಕೆ ಅನ್ನುವ ಪದವೇ ಇಲ್ಲ. ತೆಗೆಯುವಾಗ ಹೊಟ್ಟೆ ಉರಿಯಿತು, ನಿಜ. ಆದರೆ ಅಡಿಕೆ ಮರ ನೋಡಿರದವರಿಗೂ 50 ಅಡಿ ಎತ್ತರ, ತೆಳ್ಳಗಿದೆ, ತೂಗುತ್ತದೆ ಅಂದರೆ ಕಾಲು ನಡುಗುತ್ತದೆ. ಅಡಿಕೆ, ಮಲೆನಾಡು, ಕೊನೆಗಾರರ ಕೆಲಸ ಎಲ್ಲ ಎರಡನೇ ಪ್ಯಾರಾಕ್ಕೆ ಹೋದವು. ಬರೆಯುವವರಿಗೆ ಅದು ಬಹಳ ಬೇಕಾದ ಸಂಗತಿ. ಸ್ಟ್ರೀಮರ್‌ಗೆ ಮೊದಲು ಬೇಕಾದದ್ದು ಬೀಳುವ ಭಯ. ಬಳ್ಳಾರಿ ಗೆಳೆಯ ಮರುದಿನ ಹೇಳಿದ್ದು: "ಮರದಿಂದ ಮರಕ್ಕೆ ಹಾರೋದು, ನೆಲ ಮುಟ್ಟೋ ಹಾಗಿಲ್ಲ." ಅಷ್ಟು ಉಳಿದರೆ ಸಾಕು.

ಸಾಲು ಸರಿಯಾಯಿತು ಅಂದುಕೊಳ್ಳುವಾಗ ಇನ್ನೊಂದು ಹುಳುಕು ಹೊರಬಿತ್ತು. ಬರೆಯುವವರಿಗೆ ಬೇಕಾಗುವ ಚಿತ್ರ, ಮಾಹಿತಿಗಳ ಪ್ರೆಸ್ ಕಿಟ್ ಇಟ್ಟಿದ್ದ ಡ್ರೈವ್ ಫೋಲ್ಡರ್ ನನ್ನ ಹಳೇ ಅಕೌಂಟ್‌ನಲ್ಲಿತ್ತು. ಒಂದು ದಿನ ಆ ಇನ್‌ಬಾಕ್ಸ್ ತೆರೆದರೆ, ಫೋಲ್ಡರ್ ನೋಡಲು ಅನುಮತಿ ಕೊಡಿ ಅಂತ ಒಬ್ಬ ಬರಹಗಾರರು ಕೇಳಿದ್ದ ಮನವಿ ಬಿದ್ದಿತ್ತು. 11 ದಿನ ಹಳೆಯದು. ಫೋಲ್ಡರ್ `Restricted` ಆಗಿತ್ತು, `Anyone with the link` ಮಾಡಿರಲಿಲ್ಲ. 40 ಜನರಲ್ಲಿ ಆಸಕ್ತಿ ತೋರಿಸಿದ ಒಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿದ್ದೆ. ನನಗೆ ಮಾತ್ರ ಲಿಂಕ್ ಪ್ರತಿ ಸಲವೂ ಸರಿಯಾಗಿ ತೆರೆಯುತ್ತಿತ್ತು, ಯಾಕೆಂದರೆ ನಾನು ಲಾಗಿನ್ ಆಗಿದ್ದೆ. ಈಗ ಯಾವ ಲಿಂಕ್ ಕಳಿಸುವ ಮೊದಲೂ ಅಮ್ಮನ ಫೋನಿನಲ್ಲಿ, ಇನ್‌ಕಾಗ್ನಿಟೊ ಕಿಟಕಿಯಲ್ಲಿ, ಮನೆ ವೈಫೈ ಆಫ್ ಮಾಡಿ ತೆರೆದು ನೋಡುತ್ತೇನೆ.

ಫೋನಿನಲ್ಲಿ ನೋಡಿದಾಗಲೇ ಇನ್ನೊಂದು ತಪ್ಪೂ ಗೊತ್ತಾಯಿತು. ಕಿಟ್ ಅಂದರೆ 1.4 ಜಿಬಿಯ ಒಂದೇ ಜಿಪ್ ಫೈಲ್. ಒಂದು ಚಿತ್ರ ಬೇಕಾದವರು ಅಷ್ಟನ್ನೂ ಯಾಕೆ ಇಳಿಸಿಕೊಳ್ಳಬೇಕು? ನಮ್ಮೂರಿನ ನೆಟ್‌ವರ್ಕ್‌ನಲ್ಲಿ ಮಳೆಗಾಲದ ಸಂಜೆ ಅದು ಮುಗಿಯುವ ಕೆಲಸವೇ ಅಲ್ಲ. ಈಗ ಬಿಡಿಬಿಡಿಯಾಗಿ ಇಟ್ಟಿದ್ದೇನೆ: ಹಿನ್ನೆಲೆ ಇಲ್ಲದ ಲೋಗೋ, ಒಂದು ದೊಡ್ಡ ಚಿತ್ರ, 1920×1080ರ ಆರು ಸ್ಕ್ರೀನ್‌ಶಾಟ್, ಟ್ರೇಲರ್, ಮತ್ತೆ ಒಂದು ಪುಟದ ಮಾಹಿತಿ. ಪ್ರತಿ ಫೈಲ್‌ನ ಹೆಸರೂ ಗೇಮ್ ಹೆಸರಿನಿಂದಲೇ ಶುರು. ಬೇರೆಯವರ ಡೌನ್‌ಲೋಡ್ ಫೋಲ್ಡರ್‌ನಲ್ಲಿ `final2.png` ಅಂತ ಬಿದ್ದಿದ್ದರೆ ಯಾವ ಗೇಮ್ ಅಂತ ಹೇಗೆ ಹುಡುಕಬೇಕು?

ಮಾಹಿತಿ ಪುಟದಲ್ಲಿ ನಾನು ದಪ್ಪ ಅಕ್ಷರದಲ್ಲಿ ಹಾಕಿದ ಒಂದು ಸಾಲು ಇದೆ: "ಎಲ್ಲ ಸಂಗೀತವೂ ನಮ್ಮದೇ, ಸ್ಟ್ರೀಮ್ ಮಾಡಿ ಹಣ ಗಳಿಸಲು ಅಡ್ಡಿಯಿಲ್ಲ." ಅದರ ಹಿಂದೆ ಒಂದು ಸಿಟ್ಟಿದೆ. ಮೊದಲು ಡೊಳ್ಳಿನ ಲೂಪ್‌ಗಳನ್ನು ಆನ್‌ಲೈನ್‌ನಲ್ಲಿ ಒಬ್ಬರಿಂದ ಕೊಂಡಿದ್ದೆ. ರಾಯಲ್ಟಿ ಇಲ್ಲ ಅಂತ ದೊಡ್ಡದಾಗಿ ಬರೆದಿದ್ದರು. ಟ್ರೇಲರ್ ಯೂಟ್ಯೂಬ್‌ಗೆ ಏರಿಸಿದ ಕೂಡಲೇ ಕಾಪಿರೈಟ್ ಕ್ಲೇಮ್ ಬಂತು. ಅದೇ ಲೂಪ್ ಬಳಸಿದ ಹಾಡನ್ನು ಇನ್ಯಾರೋ ನೋಂದಾಯಿಸಿದ್ದರಂತೆ. ಮಾರಿದವರು ಮೂರು ವಾರ ಉತ್ತರವನ್ನೇ ಕೊಡಲಿಲ್ಲ, ಕೊಟ್ಟಾಗ "ನಿಯಮ ಓದಿ" ಅಂದರು. ಒಬ್ಬ ಸ್ಟ್ರೀಮರ್‌ನ ವಿಡಿಯೋಗೆ ಹೀಗಾಗಿದ್ದರೆ ಅವರು ನನ್ನ ಇಮೇಲ್ ಇನ್ನೆಂದೂ ತೆರೆಯುತ್ತಿರಲಿಲ್ಲ. ಕೊನೆಗೆ ಸಾಗರದ ಕಡೆಯ ಡೊಳ್ಳು ತಂಡವೊಂದಕ್ಕೆ ಹಣ ಕೊಟ್ಟು, ಕಾಗದದಲ್ಲಿ ಒಪ್ಪಿಗೆ ಬರೆಸಿಕೊಂಡು ರೆಕಾರ್ಡ್ ಮಾಡಿದೆ. ಕೇಳಿದರೆ ಎದೆ ಝಲ್ ಅನ್ನುತ್ತದೆ. ಹಳೇ ಲೂಪ್ ಅದರ ಹತ್ತಿರವೂ ಬರುವುದಿಲ್ಲ.

ಎರಡನೇ ಸುತ್ತಿಗೆ ಹೋದ ಇಮೇಲ್ ಪೂರ್ತಿ ಇಷ್ಟೇ:

> ವಿಷಯ: ಕೊನೆಗಾರ: ಮರದಿಂದ ಮರಕ್ಕೆ ದಾಟಿ, ನೆಲ ಮುಟ್ಟಬೇಡಿ (ಉಚಿತ ಡೆಮೊ)
>
> ನಮಸ್ಕಾರ. ನೀವು ಹೋದ ತಿಂಗಳು ಆಡಿದ ಬೆಟ್ಟ ಹತ್ತುವ ಗೇಮ್‌ನಲ್ಲಿ ಮೂರು ಸಲ ಬುಡಕ್ಕೇ ಬಿದ್ದರೂ ಬಿಡದೆ ಹತ್ತಿದ್ದನ್ನು ನೋಡಿ ಬರೆಯುತ್ತಿದ್ದೇನೆ.
>
> 50 ಅಡಿ ಎತ್ತರದ ತೆಳ್ಳನೆ ಮರಗಳನ್ನು ತೂಗಿಸಿ ಒಂದರಿಂದ ಒಂದಕ್ಕೆ ದಾಟಿ. ಕತ್ತಲಾಗುವುದರೊಳಗೆ ತೋಟ ಮುಗಿಸಿ, ನೆಲ ಮಾತ್ರ ಮುಟ್ಟಬೇಡಿ.
>
> ಮಲೆನಾಡಿನ ಅಡಿಕೆ ಕೊನೆಗಾರರ ನಿಜವಾದ ಕೆಲಸದ ಮೇಲೆ ಮಾಡಿದ ಗೇಮ್ ಇದು. ಪಿಸಿಯಲ್ಲಿ ಡೆಮೊ ಇದೆ, ಸುಮಾರು 40 ನಿಮಿಷ, ಕೀ ಬೇಕಾಗಿಲ್ಲ.
>
> ಡೆಮೊ ಲಿಂಕ್. ಪ್ರೆಸ್ ಕಿಟ್ ಲಿಂಕ್. ಪೂರ್ತಿ ಗೇಮ್ ಬೇಕಿದ್ದರೆ ಇದೇ ಇಮೇಲ್‌ಗೆ ಉತ್ತರಿಸಿ, ಕೀ ಕಳಿಸುತ್ತೇನೆ.

50 ಅಡಿಯ ಆ ಸಾಲಿನ ಕೆಳಗೆ ಐದು ಸೆಕೆಂಡಿನ ಒಂದು ಜಿಫ್. ಮರ ಬಗ್ಗುತ್ತದೆ, ಕೈ ಚಾಚುತ್ತದೆ, ಇನ್ನೇನು ಸಿಗಲಿಲ್ಲ ಅನ್ನುವಾಗ ಸಿಗುತ್ತದೆ. ಸಾಲಿನಲ್ಲಿ ಹೇಳಿದ್ದೇ ಚಿತ್ರದಲ್ಲೂ ಇರಬೇಕು. ಮೊದಲ ಸುತ್ತಿನಲ್ಲಿ ಸೂರ್ಯಾಸ್ತದ ಜಿಫ್ ಹಾಕಿದ್ದೆ.

ನಮಸ್ಕಾರದ ನಂತರದ ಸಾಲಿಗೇ ಜಾಸ್ತಿ ಹೊತ್ತು ಹಿಡಿಯಿತು. ಪ್ರತಿಯೊಬ್ಬರ ವಿಡಿಯೋ ನಿಜವಾಗಿ ನೋಡಿಯೇ ಬರೆದೆ. ಹಾಗಾಗಿ ಈ ಸಲ 34 ಇಮೇಲ್‌ಗೆ ನಾಲ್ಕು ಸಂಜೆ ಬೇಕಾಯಿತು. ಹತ್ತುವ, ಬೀಳುವ ಗೇಮ್‌ಗಳನ್ನು ಆಡಿದವರಿಗೆ ಮಾತ್ರ ಕಳಿಸಿದೆ. ಕ್ರಿಕೆಟ್ ಗೇಮ್ ಮಾತ್ರ ಆಡುವ ದೊಡ್ಡ ಚಾನೆಲ್‌ಗಳನ್ನು ಪಟ್ಟಿಯಿಂದ ತೆಗೆದೆ.

ಐದು ಉತ್ತರ ಬಂದವು. ಇಬ್ಬರು ಡೆಮೊ ಆಡಿದರು. ಒಬ್ಬ ಬರಹಗಾರರಿಗೆ ಪೂರ್ತಿ ಗೇಮ್ ಬೇಕಿತ್ತು. ಅವರಿಗೆ ಸ್ಟೀಮ್‌ನಲ್ಲಿ ಗೇಮ್ ಸೇರಿಸಿಕೊಳ್ಳುವ ಮಾಮೂಲಿ ಕೀ ಕಳಿಸಿ ಮತ್ತೊಂದು ಎಡವಟ್ಟು ಮಾಡಿದೆ. ಬಿಡುಗಡೆಗೆ ಮುಂಚೆ ಆ ಕೀ ಅವರ ಲೈಬ್ರರಿಗೆ ಸೇರಿತು, ಆದರೆ ಆಡಲು ಬಿಡಲಿಲ್ಲ. ಅದಕ್ಕೆ `Release State Override` ಅನ್ನುವ ಬೇರೆ ಬಗೆಯ ಕೀ ಕೇಳಿ ಪಡೆಯಬೇಕು. ಕ್ಷಮೆ ಕೇಳಿ ಅದನ್ನು ಕಳಿಸಿದ್ದೇನೆ.

ಉಳಿದ ಎರಡರಲ್ಲಿ ಒಂದು, "ಚೆನ್ನಾಗಿದೆ, ಸದ್ಯ ಸಮಯ ಇಲ್ಲ." ಇನ್ನೊಂದು, ನಾನು ಬರೆದೇ ಇರದ ವಿಳಾಸದಿಂದ ಬಂದು, ಪಟ್ಟಿಯಲ್ಲಿದ್ದ ಚಾನೆಲ್ ಹೆಸರು ಹೇಳಿ ಐದು ಕೀ ಕೇಳಿತು. ಚಾನೆಲ್ ಪುಟದಲ್ಲಿರುವ ವಿಳಾಸದ ಜೊತೆ ಹೋಲಿಸಿದೆ. ಒಂದಕ್ಷರ ಬೇರೆ. ಕೀ ಮರುಮಾರಾಟ ಮಾಡುವವರು ಹೀಗೇ ಬರುತ್ತಾರೆ. ಚಾನೆಲ್‌ನ ಅಸಲಿ ವಿಳಾಸಕ್ಕೆ ಬರೆದು ಕೇಳಿದೆ, ಅವರಲ್ಲ ಅಂದರು.

ಮುಂದಿನ ಗೇಮ್ ಬಗ್ಗೆ ಒಂದು ಮಾತು, ತಡೆಯಲು ಆಗುತ್ತಿಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರು ದಾಟಿ ಸಿಗಂದೂರಿಗೆ ಹೋಗಲು ಲಾಂಚ್‌ಗಾಗಿ ಕಾಯುವ ಕೆಲಸ ತಪ್ಪಿತು. ಚಿಕ್ಕಂದಿನಲ್ಲಿ ಆ ಲಾಂಚ್ ಮೇಲೆ ಬಸ್ಸು, ಜೀಪು, ಬೈಕುಗಳನ್ನು ಇಂಚು ಇಂಚು ಸರಿಸಿ ನಿಲ್ಲಿಸುವುದನ್ನು ಬಾಯಿಬಿಟ್ಟು ನೋಡುತ್ತಿದ್ದೆ. ಅದನ್ನೇ ಒಗಟಿನ ಗೇಮ್ ಮಾಡಬೇಕು. ಈ ಸಲ ಇನ್ನೂ ಒಂದು ಸಾಲು ಕೋಡ್ ಬರೆದಿಲ್ಲ. ಇಮೇಲ್ ಸಾಲು ಮಾತ್ರ ಬರೆದು ಗೋಡೆಗೆ ಅಂಟಿಸಿದ್ದೇನೆ: "ಹತ್ತಿದ ಗಾಡಿಗಳು ಆಚೆ ದಡದಲ್ಲಿ ಸರಿಯಾದ ಸರದಿಯಲ್ಲಿ ಇಳಿಯಬೇಕು, ಲಾಂಚ್ ಮಾತ್ರ ವಾಲಬಾರದು." ಬಳ್ಳಾರಿಗೆ ಇವತ್ತು ರಾತ್ರಿ ಫೋನ್ ಮಾಡಿ ಓದುತ್ತೇನೆ. ನಾಳೆ ಮತ್ತೆ ಫೋನ್ ಮಾಡಿ ಕೇಳುತ್ತೇನೆ.