ಅರ್ಧ ದಿನದ ಕೆಲಸ ಕೇಳುವ ಮೊದಲು ಒಂದು ಹಾಳೆ ಬರೆಯಿರಿ

"ಅಕ್ಕಾ, ಮನೆ ಕಡೆ ತೊಂದರೆ ಇದೆ. ಕೆಲಸ ಬಿಡೋಕೆ ಮನಸ್ಸಿಲ್ಲ. ಅರ್ಧ ದಿನ ಬರ್ತೀನಿ ಅಂತ ಮ್ಯಾನೇಜರ್ ಹತ್ರ ಹೇಗೆ ಕೇಳೋದು?"

ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಕಚೇರಿಯೊಂದರ ಲೆಕ್ಕಪತ್ರ ನೋಡಿಕೊಳ್ಳುವವಳು. ಇಂಥ ಅರ್ಜಿ ಬರುವುದು ನನ್ನ ಮೇಜಿಗೇ. ಹೆಚ್ಚಿನವರು ಮನೆಯ ಕಷ್ಟವನ್ನು ಎರಡು ಪುಟ ಬರೆದಿರುತ್ತಾರೆ. ಓದಿ ಬೇಜಾರಾಗುತ್ತದೆ, ನಿಜ. ಆದರೆ ಮಧ್ಯಾಹ್ನ ಲಾರಿ ಬಂದು ನಿಂತಾಗ ಬಿಲ್ ಯಾರು ಮಾಡುತ್ತಾರೆ ಅನ್ನುವುದು ಅದರಲ್ಲಿ ಇರುವುದಿಲ್ಲ. ನನಗೆ ಬೇಕಾದದ್ದು ಅದೇ.

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಖಾಸಗಿ ಕಚೇರಿಯಲ್ಲಿ ಅರ್ಧ ದಿನದ ಕೆಲಸ ಕೊಡಲೇಬೇಕು ಅನ್ನುವ ಸಾಮಾನ್ಯ ಹಕ್ಕು ನಮ್ಮಲ್ಲಿಲ್ಲ. ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡುವ ಮಾತಿದೆ. ಅದೂ ಕೆಲಸ ಹಾಗೆ ಮಾಡುವಂಥದ್ದಾಗಿದ್ದು, ಇಬ್ಬರೂ ಒಪ್ಪಿದರೆ ಮಾತ್ರ. ಹಾಗಾಗಿ ಒಪ್ಪಿಸುವ ಕೆಲಸ ನಿಮ್ಮದೇ.

ನಮ್ಮಲ್ಲೊಬ್ಬಳು ಕೇಳಿದ ರೀತಿ ಹೇಳುತ್ತೇನೆ. ಅವಳ ಅತ್ತೆಗೆ ಲಕ್ವ ಹೊಡೆದಿತ್ತು. ನೋಡಿಕೊಳ್ಳಲು ಬರುವ ಹೆಂಗಸು ಮಧ್ಯಾಹ್ನ ಎರಡೂವರೆಗೆ ಹೊರಡುತ್ತಿದ್ದಳು. ಅಷ್ಟರೊಳಗೆ ಇವಳು ಮನೆ ಸೇರಬೇಕು. ವಾರಕ್ಕೆ 48 ಗಂಟೆ ಕೆಲಸ, 24,000 ಸಂಬಳ. ಅವಳು ಕೇಳಿದ್ದು ಬೆಳಿಗ್ಗೆ 9ರಿಂದ 1.30, ವಾರಕ್ಕೆ ಆರು ದಿನ. ಅದು 27 ಗಂಟೆ. ಮನೆಯಲ್ಲಿ ಲ್ಯಾಪ್‌ಟಾಪಿನಲ್ಲಿ ಇನ್ನೊಂದು 3 ಗಂಟೆ. ಒಟ್ಟು 30.

ಇಲ್ಲೇ ಹೆಚ್ಚಿನವರು ಎಡವುವುದು. ಗಂಟೆ ಕಡಿಮೆ ಮಾಡಿ ಅನ್ನುತ್ತಾರೆ, ಕೆಲಸ ಯಾವುದು ಕಡಿಮೆ ಅನ್ನುವುದಿಲ್ಲ. ಆಮೇಲೆ ಸಂಬಳ ಅರ್ಧ, ಕೆಲಸ ಪೂರ್ತಿ! ಇವಳು ಎರಡು ವಾರ ಯಾವುದಕ್ಕೆ ಎಷ್ಟು ಹೊತ್ತು ಹೋಗುತ್ತದೆ ಅಂತ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದಳು. ಕಡಿಮೆಯಾಗಬೇಕಾದ 18 ಗಂಟೆ ಅದರಿಂದಲೇ ಸಿಕ್ಕಿತು. ಮಾರಾಟದ ಬಿಲ್ಲು ಮತ್ತು ಇ-ವೇ ಬಿಲ್ಲಿಗೆ ವಾರಕ್ಕೆ 9 ಗಂಟೆ ಹೋಗುತ್ತಿತ್ತು. ಲಾರಿ ತುಂಬುವುದು ಹೇಗೂ ಮಧ್ಯಾಹ್ನದ ಮೇಲೆ, ಹಾಗಾಗಿ ಅದು ಗೋದಾಮಿನ ಹುಡುಗನಿಗೆ. ಬೆಳೆಗಾರರು ಲೆಕ್ಕ ಕೇಳಿಕೊಂಡು ಬರುವುದರಲ್ಲಿ ಮಧ್ಯಾಹ್ನದ ಹೊತ್ತಿನದು, ವಾರಕ್ಕೆ 4 ಗಂಟೆಯಷ್ಟು, ಕೌಂಟರಿನವರಿಗೆ. ದಿನಾ ಮಾಡುತ್ತಿದ್ದ ದಾಸ್ತಾನು ವರದಿ ವಾರಕ್ಕೊಮ್ಮೆ ಸಾಕು, ಅಲ್ಲಿ 3 ಗಂಟೆ. (ಆ ವರದಿಯನ್ನು ದಿನಾ ಯಾರೂ ಓದುತ್ತಿರಲಿಲ್ಲ. ನಾನೂ ಸೇರಿ.) ಬ್ಯಾಂಕ್ ಲೆಕ್ಕ ತಾಳೆ ನೋಡುವುದನ್ನು ದಿನದ ಬದಲು ವಾರಕ್ಕೆರಡು ಸಲ ಮಾಡಿದರೆ 2 ಗಂಟೆ.

ಗೋದಾಮಿನ ಹುಡುಗ ಯಾಕೆ ಒಪ್ಪಬೇಕು? ಅದಕ್ಕೂ ಅವಳ ಹಾಳೆಯಲ್ಲಿ ಉತ್ತರ ಇತ್ತು. 48ರಲ್ಲಿ 30 ಗಂಟೆ ಅಂದರೆ ಸಂಬಳ 15,000. ಕಚೇರಿಗೆ ಉಳಿಯುವ 9,000ದಲ್ಲಿ 2,500 ಅವನಿಗೆ ಕೊಡಿ ಅಂತ ಬರೆದಿದ್ದಳು. ಅವನ ಹತ್ತಿರ ಮೊದಲೇ ಮಾತಾಡಿಯೂ ಇದ್ದಳು. ಆ ಸಾಲು ಓದಿದಾಗಲೇ ನನ್ನ ಮನಸ್ಸು ಅರ್ಧ ಒಪ್ಪಿತ್ತು.

ತಾರೀಖುಗಳು ಮಾತ್ರ ಕದಲುವುದಿಲ್ಲ. 7ಕ್ಕೆ ಟಿಡಿಎಸ್ ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1, 15ಕ್ಕೆ ಪಿಎಫ್, 20ಕ್ಕೆ ಜಿಎಸ್‌ಟಿಆರ್-3ಬಿ. ಮನೆಯ ಆ 3 ಗಂಟೆಯನ್ನು ಅವಳು ಈ ತಾರೀಖುಗಳ ಹಿಂದಿನ ದಿನಗಳಿಗೆ ಇಟ್ಟುಕೊಂಡಳು. ಆದರೆ ಕೊನೆ ತಾರೀಖಿನ ಕೆಲಸವನ್ನು ಮನೆಯಿಂದ ಮಾಡುತ್ತೇನೆ ಅಂತ ಬರೆಯಲಿಲ್ಲ. ನಮ್ಮ ಹಳ್ಳಿಗಳಲ್ಲಿ ಮಳೆಗಾಲದ ಕರೆಂಟು, ನೆಟ್‌ವರ್ಕು ನಿಮಗೆ ಗೊತ್ತಲ್ಲ. ರಿಟರ್ನ್ ಎರಡು ದಿನ ಮೊದಲೇ ಕಚೇರಿಯಲ್ಲಿ ಕೂತು ಸಲ್ಲಿಸುವುದು ಅಂತಲೇ ಇತ್ತು.

ಇನ್ನು ಪ್ರಯೋಗದ ಅವಧಿ. "ಮೂರು ತಿಂಗಳು ನೋಡೋಣ" ಅಂತ ಎಲ್ಲರೂ ಬರೆಯುತ್ತಾರೆ. ಯಾವ ಮೂರು ತಿಂಗಳು ಅನ್ನುವುದು ಮುಖ್ಯ. ಜೂನ್‌ನಿಂದ ಆಗಸ್ಟ್ ಅಂತ ಕೇಳಿದರೆ ಯಾವ ಮ್ಯಾನೇಜರೂ ನಂಬುವುದಿಲ್ಲ. ಮಳೆಯಲ್ಲಿ ಹೇಗೂ ವ್ಯಾಪಾರ ನಿಧಾನ. ಇವಳು ಡಿಸೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಕೇಳಿದಳು. ಜನವರಿಯಿಂದ ಹೊಸ ಅಡಿಕೆ ಮಾರುಕಟ್ಟೆಗೆ ಬರುತ್ತದೆ, ಆ ಒತ್ತಡವೂ ಒಳಗೆ ಬಂತು. ಮಾರ್ಚಿನ ಕ್ಲೋಸಿಂಗ್‌ಗೆ ಮೊದಲೇ ತೀರ್ಮಾನವೂ ಆಗುತ್ತದೆ. ಹಾಳೆಯ ಕೊನೆಗೆ ಹೀಗಿತ್ತು: "ಪ್ರತಿ ತಿಂಗಳ 22ಕ್ಕೆ ನಾವಿಬ್ಬರೂ ಮೂರು ವಿಷಯ ನೋಡೋಣ. ರಿಟರ್ನ್ ಸಮಯಕ್ಕೆ ಹೋಯಿತೇ, ಬಿಲ್ಲಿಗಾಗಿ ಲಾರಿ ಕಾಯಿತೇ, 1.30ರ ಮೇಲೆ ನನಗೆ ಎಷ್ಟು ಸಲ ಫೋನ್ ಮಾಡಬೇಕಾಯಿತು. ಸರಿಹೋಗದಿದ್ದರೆ ಹದಿನೈದು ದಿನ ಮೊದಲು ತಿಳಿಸಿ ಹಳೆಯ ವೇಳೆಗೆ, ಹಳೆಯ ಸಂಬಳಕ್ಕೆ ಮರಳುವುದು." ಆ "ಹಳೆಯ ಸಂಬಳಕ್ಕೆ" ಅನ್ನುವ ಮಾತು ನೀವೂ ಬಿಡಬೇಡಿ.

ಮೊದಲ ವಾರವೇ ಲಾರಿ ಕಾಯಿತು. ಕಾರಣ ಸಣ್ಣದು. ಗೋದಾಮಿನ ಹುಡುಗ ಇ-ವೇ ಬಿಲ್ ಜಾಲತಾಣಕ್ಕೆ ಇವಳ ಲಾಗಿನ್‌ನಲ್ಲೇ ಹೋಗುತ್ತಿದ್ದ. ಒಟಿಪಿ ಬರುತ್ತಿದ್ದದ್ದು ಇವಳ ಮೊಬೈಲಿಗೆ. ಇವಳೋ ಬಸ್ಸಿನಲ್ಲಿ. ಅವನದೇ ನಂಬರಿಗೆ ಉಪ-ಬಳಕೆದಾರನ ಖಾತೆ ಮಾಡಿಕೊಟ್ಟ ಮೇಲೆ ಸರಿಹೋಯಿತು. ಕೆಲಸ ಒಪ್ಪಿಸುವಾಗ ಲಾಗಿನ್, ಒಟಿಪಿ, ಬೀಗದ ಕೈ ಇವನ್ನೂ ಒಪ್ಪಿಸಬೇಕು. ಫೋನ್ ಕರೆ ಎಣಿಸುವುದರಿಂದ ಆಗುವ ಲಾಭ ಇದು. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಕರೆ ಬರುತ್ತಿದ್ದರೆ ಆ ಕೆಲಸ ಇನ್ನೂ ನಿಮ್ಮ ಕೈಯಲ್ಲೇ ಇದೆ ಅಂತ ಲೆಕ್ಕ.

ಸಂಬಳದ ವಿಷಯದಲ್ಲಿ ಹೆಚ್ಚಿನವರು ನೋಡದ್ದು ಗ್ರಾಚ್ಯುಟಿ. ಅದು ಲೆಕ್ಕ ಹಾಕುವುದು ಕೊನೆಯಲ್ಲಿ ಪಡೆದ ಮೂಲ ವೇತನದ ಮೇಲೆ, ತುಟ್ಟಿಭತ್ಯೆ ಇದ್ದರೆ ಅದನ್ನೂ ಸೇರಿಸಿ. ಅದನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಇವಳ ಮೂಲ ವೇತನ 13,000, ಸೇವೆ 9 ವರ್ಷ. ಆಗ 67,500 ಆಗುತ್ತದೆ. ಅರ್ಧ ದಿನಕ್ಕೆ ಇಳಿದು ಮೂಲ ವೇತನ 8,125 ಆದ ಮೇಲೆ ಕೆಲಸ ಬಿಟ್ಟರೆ ಅದೇ 9 ವರ್ಷಕ್ಕೆ ಸುಮಾರು 42,000. ಪೂರ್ತಿ ದಿನ ದುಡಿದ ವರ್ಷಗಳಿಗೂ ಕತ್ತರಿ! ಹಿಂದಿನ ವರ್ಷಗಳಿಗೆ ಹಳೆಯ ಮೂಲ ವೇತನದಂತೆ ಕೊಡಲಾಗುವುದು ಅಂತ ಒಂದು ಸಾಲು ಬರೆಸಿಕೊಳ್ಳಿ. ಕಾನೂನು ಹೇಳಿದ್ದಕ್ಕಿಂತ ಜಾಸ್ತಿ ಕೊಡಲು ಮಾಲೀಕರಿಗೆ ಅಡ್ಡಿಯಿಲ್ಲ. ಹಾಗೆಯೇ ಸಂಬಳ 21,000ಕ್ಕಿಂತ ಕೆಳಗಿಳಿದರೆ, ನಿಮ್ಮ ಕಚೇರಿ ಇಎಸ್‌ಐಗೆ ಸೇರಿದ್ದರೆ, ನೀವೂ ಅದಕ್ಕೆ ಸೇರುತ್ತೀರೋ ಅಂತ ಕೇಳಿ. ಕಡಿತ ಸಣ್ಣದು, ಚಿಕಿತ್ಸೆಯ ಅನುಕೂಲ ದೊಡ್ಡದು.

ಹಾಳೆಯನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. 20 ಕಳೆದ ಮೇಲೆ ಒಂದು ಬೆಳಿಗ್ಗೆ ಕೈಯಲ್ಲಿ ಕೊಟ್ಟು, "ಓದಿ ಸರ್, ನಾಳಿದ್ದು ಮಾತಾಡೋಣ" ಅನ್ನಿ. ಪೂರ್ತಿ ಬೇಡ ಅಂದರೆ ವಾರಕ್ಕೆ ಎರಡು ಮಧ್ಯಾಹ್ನ ಕೇಳಿ, ಅದೇ ಮೂರು ತಿಂಗಳಿಗೆ.

ಫೆಬ್ರವರಿ ಕೊನೆಗೆ ನಾವು ಒಂದೇ ಬದಲಾವಣೆ ಮಾಡಿದೆವು. ಮಾರ್ಚಿನ ಕೊನೆಯ ವಾರ ಅವಳು ಪೂರ್ತಿ ದಿನ ಬರಬೇಕು. ಆ ವಾರದ ಹೆಚ್ಚುವರಿ ಗಂಟೆಗಳಿಗೆ ಬೇರೆ ಹಣ. ಆಗ ಅತ್ತೆಯನ್ನು ನೋಡಿಕೊಳ್ಳಲು ಅವಳ ನಾದಿನಿ ಕುಮಟಾದಿಂದ ಬರುತ್ತಾಳೆ.