ಕೋರಸ್ ಬಂದಿದ್ದೇ ಗೊತ್ತಾಗಲಿಲ್ಲ

"ವರ್ಸ್ ಚೆನ್ನಾಗಿದೆ. ಆದ್ರೆ ಕೋರಸ್ ಬಂದಿದ್ದೇ ಗೊತ್ತಾಗಲ್ಲ. ಓಪನ್ ಆಗ್ಬೇಕು." ಮ್ಯೂಸಿಕ್ ಡೈರೆಕ್ಟರ್ ಇಷ್ಟು ವಾಯ್ಸ್ ನೋಟ್ ಕಳಿಸಿ ಸುಮ್ಮನಾದರು. ನಾನು ಪ್ರೋಗ್ರಾಮಿಂಗ್ ಮತ್ತು ಅರೇಂಜ್‌ಮೆಂಟ್ ಮಾಡುವವನು. ನಮ್ಮ ಕೆಲಸದಲ್ಲಿ "ಓಪನ್ ಆಗ್ಬೇಕು" ಅನ್ನುವ ಮಾತಿಗೆ ಏನು ಬೇಕಾದರೂ ಅರ್ಥ ಇರಬಹುದು. ಡ್ರಮ್ಸ್ ಇರಬಹುದು, ಸ್ಟ್ರಿಂಗ್ಸ್ ಇರಬಹುದು, ಬರೀ ವಾಲ್ಯೂಮ್ ಇರಬಹುದು.

ನಾನು ಎಲ್ಲವನ್ನೂ ಮಾಡಿದೆ. ಕೋರಸ್‌ಗೆ ಎರಡನೇ ಸ್ನೇರ್ ಲೇಯರ್ ಹಾಕಿದೆ, ಪ್ಯಾಡ್ ಅಗಲ ಮಾಡಿದೆ, ಸ್ಟ್ರಿಂಗ್ಸ್ ಒಂದು ಆಕ್ಟೇವ್ ಮೇಲೆ ಏರಿಸಿದೆ. ಬೌನ್ಸ್, ಅಂದರೆ ಕೇಳೋಕೆ ಇಳಿಸಿದ ಫೈಲ್, ಕಳಿಸಿದೆ. ಉತ್ತರ ಅದೇ. ಈ ಸಲ ಜೊತೆಗೊಂದು ಸಲಹೆಯೂ ಬಂತು: "ಕೋರಸ್ ಒಂದು ಟೋನ್ ಮೇಲೆತ್ತು." ಎತ್ತೋಕೇನೋ ಎತ್ತಬಹುದು. ಕೋರಸ್‌ನ ಮೇಲಿನ ಸ್ವರವೇ ಹಾಡುವವರಿಗೆ ಹೆಚ್ಚುಕಡಿಮೆ ಅಂಚಿನಲ್ಲಿತ್ತು. ಇನ್ನೊಂದು ಟೋನ್ ಏರಿಸಿದರೆ ಹಾಡು ಹೋಗಿ ಕಿರುಚಾಟ ಆಗುತ್ತದೆ. ಮೂಲ ಗಾಯಕಿ ಬರುವ ತನಕ ತಾತ್ಕಾಲಿಕವಾಗಿ ಡಮ್ಮಿ ಹಾಡಿದ ಹುಡುಗ ಅದನ್ನು ಸುಲಭವಾಗಿ ಹಾಡಿದ್ದ ಅನ್ನುವುದು ಬೇರೆ ಮಾತು. ಡಮ್ಮಿ ಯಾವತ್ತೂ ಸುಲಭವಾಗಿಯೇ ಇರುತ್ತದೆ.

ನನಗೆ ಒಳಗೊಳಗೇ ಸಿಟ್ಟು. ಯಾಕಂದ್ರೆ ನನ್ನ ಲೆಕ್ಕದಲ್ಲಿ ಕೋರಸ್ ಆಗಲೇ ಬದಲಾಗಿತ್ತು. ವರ್ಸ್ ಎ ಮೈನರ್, ಕೋರಸ್ ಅದರ ರಿಲೇಟಿವ್ ಮೇಜರ್ ಆದ ಸಿ ಮೇಜರ್. ದುಃಖದಿಂದ ಬೆಳಕಿಗೆ. ಪುಸ್ತಕದಲ್ಲಿರೋದನ್ನೇ ಮಾಡಿದ್ದೆ, ಕೇಳುವ ಕಿವಿಯೇ ಸರಿಯಿಲ್ಲ ಅಂತ ನಂಬಿದ್ದೆ.

ನಂಬಿಕೆ ಬಿದ್ದಿದ್ದು ನಮ್ಮ ಸೌಂಡ್ ಎಂಜಿನಿಯರ್‌ನಿಂದ. ಅವನಿಗೆ ಥಿಯರಿ ಬರಲ್ಲ, ಬೇಕಾಗಿಯೂ ಇಲ್ಲ. ಕೋರಸ್‌ನ ಮಧ್ಯದಲ್ಲಿ ಸ್ಪೇಸ್ ಬಾರ್ ಒತ್ತಿ ಪ್ಲೇಬ್ಯಾಕ್ ನಿಲ್ಲಿಸಿದ. "ಈಗ ಹಾಡು ಮುಗಿಯೋ ಸ್ವರ ಗುನುಗು" ಅಂದ. ನಾನು ಗುನುಗಿದ್ದು ಎ. ಅವನು ಗುನುಗಿದ್ದು ಸಿ. ಪಕ್ಕದಲ್ಲಿ ಕೇಬಲ್ ಸುತ್ತುತ್ತಿದ್ದ ಹುಡುಗನನ್ನು ಕೇಳಿದರೆ ಅವನು ಜಿ ಗುನುಗಿದ. ವರ್ಸ್‌ನಲ್ಲಿ ನಿಲ್ಲಿಸಿ ಕೇಳಿದಾಗಲೂ ಹೀಗೇ ಆಯಿತು. ಮೂರು ಜನಕ್ಕೆ ಮೂರು ಮನೆ. ಹಾಡಿಗೆ ಮಾತ್ರ ಮನೆ ಇಲ್ಲ.

ಕಾರ್ಡ್ ಶೀಟ್ ತೆಗೆದು ನೋಡಿದರೆ ಕಾರಣ ಎದುರಿಗೇ ಇತ್ತು.

```
ವರ್ಸ್:   Am | F | C  | G
ಕೋರಸ್:  C  | G | Am | F
```

ಗೆರೆಗಳ ನಡುವಿನದು ಒಂದೊಂದು ಬಾರು. ಅವೇ ನಾಲ್ಕು ಕಾರ್ಡ್. ವರ್ಸ್‌ನ ಸಾಲನ್ನೇ ಮಧ್ಯದಿಂದ ಶುರು ಮಾಡಿದರೆ ಕೋರಸ್. ಎ ಮೈನರ್‌ಗೂ ಸಿ ಮೇಜರ್‌ಗೂ ಏಳು ಸ್ವರಗಳು ಒಂದೇ, ಕೀಬೋರ್ಡಿನ ಬಿಳಿ ಕೀಗಳು ಅಷ್ಟೇ. ಹಾಗಾಗಿ ಸ್ವರಗಳು ಮಾತ್ರ ಯಾವ ಕೀ ಅಂತ ಹೇಳಲಾರವು. ಯಾವ ಸ್ವರಕ್ಕೆ ಬಂದರೆ "ಬಂದುಬಿಟ್ಟೆವು" ಅನ್ನಿಸುತ್ತದೆ ಅನ್ನುವುದೇ ಕೀ. ಕರ್ನಾಟಕ ಸಂಗೀತ ಕಲಿತವರಿಗೆ ಶಂಕರಾಭರಣದ ಧೈವತವನ್ನು ಷಡ್ಜ ಮಾಡಿಕೊಂಡರೆ ನಟಭೈರವಿ ಬರುತ್ತದೆ ಅನ್ನುವುದು ಗೊತ್ತಿರುತ್ತದೆ. ಇಲ್ಲೂ ಲೆಕ್ಕ ಅದೇ. ಆದರೆ ಅಲ್ಲಿ ಷಡ್ಜ ಎಲ್ಲಿದೆ ಅಂತ ತಂಬೂರಿ ಹೇಳುತ್ತಲೇ ಇರುತ್ತದೆ. ನಮ್ಮ ಟ್ರ್ಯಾಕಿನಲ್ಲಿ ಆ ಕೆಲಸವನ್ನು ಬೇಸ್ ಮತ್ತು ಸಾಲು ಮುಗಿಸುವ ಕಾರ್ಡುಗಳ ನಡೆಯಾದ ಕೇಡೆನ್ಸ್ ಮಾಡಬೇಕು. ನನ್ನ ವರ್ಸ್‌ನಲ್ಲಿ ಎರಡೂ ಮಾಡುತ್ತಿರಲಿಲ್ಲ. ಕೇಳುವವರು ಸಿ ಕಾರ್ಡನ್ನು ಮೂರನೇ ಬಾರಿನಲ್ಲೇ ಕೇಳಿಯಾಗಿತ್ತು. ಕೋರಸ್‌ನಲ್ಲಿ ಅದು ಮತ್ತೆ ಬಂದಾಗ ಖುಷಿ ಪಡೋಕೆ ಏನಿದೆ? ಆಗಲೇ ಮನೆಯಲ್ಲಿ ಕೂತಿರುವ ನೆಂಟನಿಗೆ ಬಾಗಿಲು ತೆಗೆದ ಹಾಗೆ.

ಇನ್ನೊಂದು ದಾರಿ ಇತ್ತು. ಎ ಮೈನರ್‌ನಿಂದ ನೇರ ಎ ಮೇಜರ್‌ಗೆ ಹೋಗಬಹುದಿತ್ತು. ಆದರೆ ಅಲ್ಲಿ ಸಿ, ಎಫ್, ಜಿ ಮೂರೂ ಶಾರ್ಪ್ ಆಗುತ್ತವೆ. ಟ್ಯೂನ್ ಬದಲಾಯಿಸದೆ ಆಗಲ್ಲ, ಟ್ಯೂನ್ ಓಕೆ ಆಗಿ ಸಾಹಿತ್ಯವೂ ಕೂತಿತ್ತು. ರಿಲೇಟಿವ್‌ನ ಅನುಕೂಲವೇ ಇದು: ಟ್ಯೂನ್ ಮುಟ್ಟಬೇಕಿಲ್ಲ, ಹಾಡುವವರ ರೇಂಜ್ ಮುಟ್ಟಬೇಕಿಲ್ಲ, ಅಡಿಯಲ್ಲಿರುವುದನ್ನು ಮಾತ್ರ ಬದಲಾಯಿಸಿದರೆ ಸಾಕು.

ಮೊದಲು ಮಾಡಿದ್ದು, ಕೋರಸ್ ಬರುವ ತನಕ ಸಿ ಕಾರ್ಡನ್ನು ಹಾಡಿನಿಂದಲೇ ಓಡಿಸಿದ್ದು.

```
ವರ್ಸ್:       Am | Dm | Am | E7
ಪ್ರಿ-ಕೋರಸ್:  F  | Dm | G  | G7
ಕೋರಸ್:      C  | G  | Am | F
             C  | G  | F G | C
```

ವರ್ಸ್‌ನ ಎರಡನೇ ಬಾರಿನಲ್ಲಿ ಟ್ಯೂನ್ ಎ ಮೇಲೆ ನಿಲ್ಲುತ್ತಿತ್ತು. ಅದು ಎಫ್ ಕಾರ್ಡಿಗೂ ಸರಿ, ಡಿ ಮೈನರ್‌ಗೂ ಸರಿ. ಮೂರನೇ ಬಾರಿನಲ್ಲಿ ನಿಲ್ಲುವ ಇ ಸ್ವರ ಸಿ ಕಾರ್ಡಿನಲ್ಲೂ ಇದೆ, ಎ ಮೈನರ್‌ನಲ್ಲೂ ಇದೆ. ನಾಲ್ಕನೆಯದರಲ್ಲಿ ಬರುವ ಬಿ, ಜಿ ಕಾರ್ಡಿಗೂ ಸೇರಿದ್ದು, ಇ ಸೆವೆನ್‌ಗೂ ಸೇರಿದ್ದು. ಟ್ಯೂನಿನ ಒಂದು ಸ್ವರವನ್ನೂ ಅಲುಗಾಡಿಸಲಿಲ್ಲ.

ಕೆಲಸ ಮಾಡಿದ್ದು ಇ ಸೆವೆನ್. ಅದರೊಳಗಿರುವ ಜಿ ಶಾರ್ಪ್ ಆ ಏಳು ಸ್ವರಗಳಲ್ಲಿ ಇಲ್ಲದ್ದು, ಎ ಗಿಂತ ಅರ್ಧ ಹೆಜ್ಜೆ ಕೆಳಗೆ. ಅದು ಕೇಳಿದ ಕೂಡಲೇ ಕಿವಿ "ಎ ಗೆ ಹೋಗು" ಅನ್ನುತ್ತದೆ. ವರ್ಸ್‌ಗೆ ಈಗ ಗಟ್ಟಿಯಾದ ಮೈನರ್ ಮನೆ ಸಿಕ್ಕಿತು. ವರ್ಸ್ ಮುಗಿದಾಗ ಅದೇ ಇ ಸೆವೆನ್ ಆದಮೇಲೆ ಕಿವಿ ಎ ಮೈನರ್‌ಗೆ ಕಾಯುತ್ತಿರುವಾಗ ಪ್ರಿ-ಕೋರಸ್‌ನ ಎಫ್ ಬರುತ್ತದೆ. ಅಲ್ಲಿ ಮೊದಲ ಬಿರುಕು. ಎಫ್, ಡಿ ಮೈನರ್ ಎರಡೂ ಕೀಗೂ ಸೇರಿದ ಕಾರ್ಡುಗಳು, ಹಾಗಾಗಿ ಯಾರಿಗೂ ಅಡ್ಡ ಬರುವುದಿಲ್ಲ. ಆಮೇಲೆ ಜಿ ಸೆವೆನ್ ಬಂದು ಸಿ ಕಡೆಗೆ ತಳ್ಳುತ್ತದೆ. ಪ್ರಿ-ಕೋರಸ್ ಕೊನೆಯ ಡಿ ಇಂದ ಟ್ಯೂನ್ ಇ ಗೆ ಏರುವ ಹೊತ್ತಿಗೆ ಸಿ ಮೇಜರ್ ಕೇಳುತ್ತದೆ, ಹಾಡಿನಲ್ಲಿ ಮೊದಲ ಸಲ. ವರ್ಸ್‌ನಲ್ಲಿ ಎ ಮೈನರ್ ಮೇಲೆ ನಿಂತಿದ್ದ ಇ ಯೇ ಇದು. ಅಲ್ಲಿ ಅದು ಐದನೆಯ ಸ್ವರ, ಸುಮ್ನೆ ಖಾಲಿ ಖಾಲಿ. ಇಲ್ಲಿ ಸಿ ಯ ಮೇಜರ್ ಮೂರನೆಯದು. ಅದೇ ಗಂಟಲು, ಅದೇ ಎತ್ತರ, ಬಣ್ಣ ಬೇರೆ.

ಬೇಸ್ ಬಗ್ಗೆ ಒಂದು ಮಾತು. ಹಳೆಯ ಬೇಸ್ ಲೈನ್ ಕೋರಸ್‌ನ ಮೊದಲ ಬಾರಿನಲ್ಲಿ ಇ ಇಂದ ಶುರುವಾಗುತ್ತಿತ್ತು. ಕೇಳೋಕೆ ನುಣುಪಾಗಿತ್ತು ನಿಜ. ಆದರೆ ಬಂದು ತಲುಪಬೇಕಾದ ಜಾಗದಲ್ಲಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಮೊದಲ ಬೀಟ್‌ಗೆ ಸಿ ಹಾಕಿದೆ. ಅದೇ ಸ್ನೇರ್ ಲೇಯರ್ ಈಗ ಜಾಸ್ತಿ ಅನ್ನಿಸಿತು, ತೆಗೆದುಬಿಟ್ಟೆ.

ಡೈರೆಕ್ಟರ್ "ಈಗ ಸರಿ" ಅಂದರು. ಆಮೇಲೆ ಬಂತು ರೆಕಾರ್ಡಿಂಗ್ ದಿನ. ಕೆಟ್ಟದಾಗಿ ನೆನಪಿರೋದು ಇದೇ.

ಕೋರಸ್‌ನಿಂದ ಎರಡನೇ ವರ್ಸ್‌ಗೆ ವಾಪಸ್ ಬರಬೇಕಲ್ಲ. ಸಿ ಯಲ್ಲಿ ಮುಗಿಸಿ ದಿಢೀರಂತ ಎ ಮೈನರ್ ಶುರು ಮಾಡಿದರೆ ವರ್ಸ್ ಸಪ್ಪೆ. ಅದಕ್ಕೆ ಕೋರಸ್‌ನ ಕೊನೇ ಬಾರಿನ ಎರಡನೇ ಅರ್ಧದಲ್ಲಿ ಇ ಸೆವೆನ್ ತುರುಕಿದ್ದೆ. ಬೇಸ್‌ನಲ್ಲಿ ಜಿ, ಜಿ ಶಾರ್ಪ್, ಎ ಅಂತ ಅರ್ಧರ್ಧ ಹೆಜ್ಜೆ ಏರುವುದು ನನಗೆ ಬಹಳ ಇಷ್ಟವಾಗಿತ್ತು. ಡಮ್ಮಿಯಲ್ಲಿ ಹುಡುಗ ಕೊನೇ ಸ್ವರವನ್ನು ಎರಡು ಬೀಟ್‌ಗೇ ಬಿಟ್ಟಿದ್ದ. ಬೂತ್‌ನಲ್ಲಿದ್ದ ಮೇಡಂ ಹಾಗೆ ಬಿಡುವವರಲ್ಲ. ಅವರು ಜಿ ಸ್ವರವನ್ನು ಇಡೀ ಬಾರು ಹಿಡಿದರು.

ಮೂರನೇ ಬೀಟ್‌ನಲ್ಲಿ ಏನೋ ಹುಳಿ ಹುಳಿ. ಅವರ ಸ್ವರ ಸ್ವಲ್ಪ ಕೆಳಕ್ಕೆ ಜಾರಿದ ಹಾಗೆ ಕೇಳಿಸಿತು. ನಾನು ಟಾಕ್‌ಬ್ಯಾಕ್ ಒತ್ತಿ, "ಮೇಡಂ, ಕೊನೆಯಲ್ಲಿ ಪಿಚ್ ಸ್ವಲ್ಪ ನೋಡ್ಕೊಳ್ತೀರಾ?" ಅಂದೆ. ಅವರು ಏನೂ ಹೇಳದೆ ಮತ್ತೆ ಹಾಡಿದರು. ಮತ್ತೆ ಅದೇ. ಪಂಚ್-ಇನ್ ಮಾಡಿದೆವು, ಮತ್ತೆ ಅದೇ. ಕನ್ಸೋಲ್ ಹಿಂದೆ ಕೂತಿದ್ದ ಡೈರೆಕ್ಟರ್ ಫೋನ್ ನೋಡುವುದನ್ನು ನಿಲ್ಲಿಸಿದರು. ಬೂತ್‌ನಿಂದ ಮೇಡಂ ಕೇಳಿದರು, "ನಾನು ಅಪಸ್ವರ ಹಾಡ್ತಾ ಇದ್ದೀನಾ? ನನ್ನ ಹೆಡ್‌ಫೋನಲ್ಲಿ ಪಿಯಾನೋ ಬೇರೇನೋ ಹೇಳ್ತಾ ಇದೆ." ಅಷ್ಟು ವರ್ಷ ಹಾಡಿದವರು ಹೀಗೆ ಕೇಳಿದಾಗ ಕಂಟ್ರೋಲ್ ರೂಮಿನಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಎಂಜಿನಿಯರ್ ಸದ್ದಿಲ್ಲದೆ ಅವರ ವಾಯ್ಸ್ ಮಾತ್ರ ಸೋಲೋ ಮಾಡಿದ. ಜಿ, ನೇರ, ಅಲುಗಾಟವಿಲ್ಲ. ಮೊದಲ ಟೇಕ್‌ನಲ್ಲೂ ಹಾಗೇ ಇತ್ತು. ಪಿಯಾನೋ ಸೇರಿಸಿದ. ಅವರ ಜಿ ಮೇಲೆ ನನ್ನ ಜಿ ಶಾರ್ಪ್ ಕೂತಿತ್ತು. ಪಿಚ್ ಸರಿಯಿಲ್ಲ ಅಂತ ನಾನು ಅವರಿಗೆ ಮೈಕಿನಲ್ಲಿ, ಎಲ್ಲರ ಎದುರು ಹೇಳಿದ್ದೆ.

ರಿಪೇರಿ ಸುಲಭವಿತ್ತು, ಮಾತು ವಾಪಸ್ ತೆಗೆದುಕೊಳ್ಳುವುದು ಅಲ್ಲ. ಇ ಸೆವೆನ್‌ನಿಂದ ಜಿ ಶಾರ್ಪ್ ಪೂರ್ತಿ ತೆಗೆದುನೋಡಿದೆವು. ಆಗ ಅವರ ಜಿ ಸೇರಿ ಅದು ಇ ಮೈನರ್ ಆಗುತ್ತದೆ, ಎ ಕಡೆಗೆ ಎಳೆತವೇ ಹೋಗುತ್ತದೆ. ಕೊನೆಗೆ ಮಾಡಿದ್ದು ಹೀಗೆ: ಮೂರು ಬೀಟ್ ಸಿ ಕಾರ್ಡೇ ಇರಲಿ, ಮೇಡಂ ಮೂರನೇ ಬೀಟ್‌ನ ಕೊನೆಗೆ ಉಸಿರು ತೆಗೆದುಕೊಳ್ಳಲಿ, ನಾಲ್ಕನೇ ಬೀಟ್‌ನಲ್ಲಿ ಇ ಸೆವೆನ್ ಬರಲಿ, ಬೇಸ್‌ನಲ್ಲಿ ಜಿ ಶಾರ್ಪ್. ಸ್ವರ ಖಾಲಿಯಾದ ಜಾಗದಲ್ಲೇ ತಿರುವು. ಅವರು ಒಂದೇ ಟೇಕ್‌ನಲ್ಲಿ ಕೊಟ್ಟು ಹೆಡ್‌ಫೋನ್ ತೆಗೆದಿಟ್ಟರು. "ಚಾರ್ಟ್‌ನಲ್ಲಿ ಬರೆದಿದ್ರೆ ಆಗ್ತಿತ್ತು" ಅಂದರು, ಅಷ್ಟೇ. ಕಾಲ್‌ಶೀಟ್ ನೀಟಾಗಿ ಪ್ರಿಂಟ್ ಆಗುತ್ತದೆ, ಕಾರ್ಡ್ ಚಾರ್ಟ್ ಮಾತ್ರ ನಮ್ಮಲ್ಲಿ ಯಾರಿಗೂ ಬೇಡ. ಈಗ ನಾನೇ ಬರೆದು ಸ್ಟ್ಯಾಂಡ್ ಮೇಲೆ ಇಡುತ್ತೇನೆ. ತಿರುಗುವ ಬಾರಿಗೆ ಕೆಂಪು ಗೆರೆ.

ಇಷ್ಟಕ್ಕೇ ಮುಗಿಯಲಿಲ್ಲ. ಆ ತಿರುವಿನಲ್ಲಿ ಬ್ಯಾಕಿಂಗ್ ವಾಯ್ಸ್ ಜಿ ಶಾರ್ಪ್‌ನಿಂದ ಎ ಗೆ ಹೋಗುತ್ತದೆ. ಎಡಿಟ್ ಮಾಡುವ ಹುಡುಗ ಪಿಚ್ ಕರೆಕ್ಷನ್‌ನಲ್ಲಿ ಸಿ ಮೇಜರ್ ಇಟ್ಟು ರೆಂಡರ್ ಮಾಡಿದ. ಜಿ ಶಾರ್ಪ್ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಪ್ಲಗಿನ್ ಅದನ್ನು ಪಕ್ಕದ ಸ್ವರಕ್ಕೆ ಎಳೆದು ಹಾಕಿತು. "ಎ ಮೈನರ್ ಇಡು" ಅಂದೆ. ಇಟ್ಟ, ಅದೇ ಆಯಿತು. ಅದರ ಎ ಮೈನರ್ ಅಂದ್ರೆ ನ್ಯಾಚುರಲ್ ಮೈನರ್, ಅಂದರೆ ಅವೇ ಏಳು ಸ್ವರ. ಟೂಲ್‌ಗೆ ಮನೆ ಯಾವುದಾದರೂ ಒಂದೇ. ಆ ಬಾರಿಗೆ ಕರೆಕ್ಷನ್ ಬೈಪಾಸ್ ಮಾಡಿ ಕೈಯಲ್ಲಿ ಸರಿಮಾಡಿದೆವು.

ಇನ್ನು ಉಳಿದಿರೋದು ಹಾಡಿನ ಕೊನೆ. ಕೊನೇ ಕೋರಸ್‌ನಲ್ಲಿ ಮೇಡಂ ಜಿ ಇಂದ ಇ ಗೆ ತಾವಾಗಿಯೇ ಇಳಿದಿದ್ದಾರೆ. ಇ ಸ್ವರ ಸಿ ಮೇಲೂ ಕೂರುತ್ತದೆ, ಎ ಮೈನರ್ ಮೇಲೂ ಕೂರುತ್ತದೆ. ಸಿ ಯಲ್ಲಿ ನಿಲ್ಲಿಸಿದರೆ ಹೋದವನು ವಾಪಸ್ ಬರುತ್ತಾನೆ ಅಂತ ಕೇಳಿಸುತ್ತದೆ. ಜಿ ಕಾರ್ಡ್ ಆದಮೇಲೆ ಸಿ ಬದಲು ಎ ಮೈನರ್ ಇಟ್ಟರೆ ಬರೋದಿಲ್ಲ ಅಂತ ಕೇಳಿಸುತ್ತದೆ. ಸಾಹಿತ್ಯದಲ್ಲಿ ಎರಡೂ ಹೇಳಿಲ್ಲ. ಎರಡೂ ಬೌನ್ಸ್ ಕಳಿಸಿದ್ದೇನೆ. ನನ್ನ ಓಟು ಎ ಮೈನರ್‌ಗೆ. ಡೈರೆಕ್ಟರ್ ನೋಡಿದ್ದಾರೆ ಅಂತ ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.