ಹತ್ತು ವರ್ಷ ಬೇಡ, ಒಂದು ಫೋನ್ ಕರೆ ಸಾಕು

‘ನಾನು ಹತ್ತು ವರ್ಷ ಪಟ್ಟ ಕಷ್ಟವನ್ನ 45 ಸೆಕೆಂಡಿನ ವಿಡಿಯೋದಲ್ಲಿ ಹೇಳೋದು ಹೇಗೆ? ಹಿನ್ನೆಲೆ, ತಿರುವು, ಪಾಠ, ಮೂರೂ ಬರಬೇಕಂತೆ.’

ಹೇಳೋಕಾಗಲ್ಲ. ‘ಹತ್ತು ವರ್ಷ’ ಅನ್ನುವ ಮಾತಿನಲ್ಲೇ ಎಡವಟ್ಟು ಇದೆ, ಅದನ್ನು ಕೇಳಿದಾಗಲೆಲ್ಲ ನನಗೆ ರೇಗುತ್ತದೆ. ಹತ್ತು ವರ್ಷವನ್ನು ಹಿಂಡಿ ಹಿಂಡಿ 45 ಸೆಕೆಂಡಿಗೆ ಇಳಿಸಲು ಕೂತವರ ಕೈಯಲ್ಲಿ ಕೊನೆಗೆ ಉಳಿಯುವುದು ‘ತುಂಬಾ ಕಷ್ಟಪಟ್ಟೆ, ಒಂದು ದಿನ ಗಟ್ಟಿ ಮನಸ್ಸು ಮಾಡಿದೆ, ಇವತ್ತು ಹೀಗಿದ್ದೀನಿ’ ಅನ್ನುವಷ್ಟೇ. ಅದು ಯಾರ ಬದುಕಿಗೂ ಹೊಂದುತ್ತದೆ, ಹಾಗಾಗಿ ನಿಮ್ಮದಲ್ಲ. ಮಾಡಬೇಕಾದದ್ದು ಹಿಂಡುವ ಕೆಲಸವಲ್ಲ, ಆರಿಸುವ ಕೆಲಸ. ಹತ್ತು ವರ್ಷದಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ನಡೆಯದ ಒಂದು ಘಟನೆಯನ್ನು ಎತ್ತಿಕೊಳ್ಳಿ. ಉಳಿದದ್ದನ್ನು ಬಿಡಿ.

ಮೊದಲು ನಿಮ್ಮ ಹತ್ತಿರ ಎಷ್ಟು ಜಾಗ ಇದೆ ಅಂತ ಅಳೆಯಿರಿ. ಯಾವುದಾದರೂ ಬರಹವನ್ನು ಮಾತಾಡುವ ಧಾಟಿಯಲ್ಲಿ, ಅವಸರವಿಲ್ಲದೆ ಒಂದು ನಿಮಿಷ ಓದಿ, ಎಷ್ಟು ಪದ ಆಯಿತು ಎಣಿಸಿ. ನೂರು ಬಂತು ಅಂದುಕೊಳ್ಳೋಣ. ಹಾಗಿದ್ದರೆ 45 ಸೆಕೆಂಡಿಗೆ 75. ಶುರುವಿನಲ್ಲಿ ಒಂದು ಉಸಿರು, ತಿರುವಿನ ಹತ್ತಿರ ಒಂದು ಮೌನ, ಕೊನೆಯಲ್ಲಿ ಒಂದು ಕ್ಷಣ, ಇವಕ್ಕೆ ಐದಾರು ಸೆಕೆಂಡು ತೆಗೆದರೆ ಉಳಿಯುವುದು 65 ಪದ. ಕನ್ನಡದ ಪದ ಉದ್ದ. ಅದು ವಿಭಕ್ತಿ, ಕಾಲ ಎಲ್ಲವನ್ನೂ ಮೈಗೆ ಅಂಟಿಸಿಕೊಂಡೇ ಬರುತ್ತದೆ. ಆದ್ದರಿಂದ ಇಂಗ್ಲಿಷಿನ ಪದಸಂಖ್ಯೆ ನೋಡಿ ಬರೆದರೆ ಹೇಳುವಾಗ ಏದುಸಿರು ಬರುವುದು ಖಂಡಿತ.

ಒಂದು ಉದಾಹರಣೆಯನ್ನೇ ಪೂರ್ತಿ ನೋಡೋಣ. ಹೇಳುವವರಿಗೆ ಉಗ್ಗು ಇದೆ. ಬಾಲ್ಯದ ಗೇಲಿ, ಕೈತಪ್ಪಿದ ಕೆಲಸ, ಮಾತಿನ ತರಬೇತಿ, ಎಲ್ಲವೂ ಅವರ ಹತ್ತು ವರ್ಷದಲ್ಲಿವೆ. ಆರಿಸಿದ್ದು ಒಂದು ಫೋನ್ ಕರೆ.

‘ಆಫೀಸಲ್ಲಿ ಫೋನ್ ರಿಂಗಾದರೆ ನೀರು ಕುಡಿಯೋ ನೆಪದಲ್ಲಿ ಎದ್ದು ಹೋಗ್ತಿದ್ದೆ. ಬೇರೆ ಪದ ಸಿಕ್ಕಿಕೊಂಡ್ರೆ ಬದಲಾಯಿಸಿ ಹೇಳಬಹುದು. ನನ್ನ ಹೆಸರನ್ನ ಬದಲಾಯಿಸೋಕಾಗಲ್ಲ. ಒಂದು ದಿನ ಪಕ್ಕದಲ್ಲಿ ಯಾರೂ ಇರಲಿಲ್ಲ. ಫೋನ್ ಎತ್ತಿದೆ. ಹೆಸರು ಬರಲಿಲ್ಲ. ಆ ಕಡೆಯವರು ಹಲೋ, ಹಲೋ ಅಂದ್ರು. ಕಟ್ ಮಾಡೋ ಬದಲು ಹೇಳಿದೆ: ನನಗೆ ಉಗ್ಗು ಇದೆ, ಸ್ವಲ್ಪ ತಾಳಿ. ಅವರು ತಾಳಿದ್ರು. ಉಗ್ಗು ಈಗಲೂ ಇದೆ. ಫೋನ್ ನಾನೇ ಎತ್ತುತ್ತೀನಿ.’

ಒಟ್ಟು 47 ಪದ. ಹಿನ್ನೆಲೆಗೆ 16, ಘಟನೆಗೆ 14, ತಿರುವಿಗೆ 11, ಪಾಠದ ಜಾಗಕ್ಕೆ 6. ಜನ ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡುತ್ತಾರೆ. ಹಿನ್ನೆಲೆಯೇ ಅರ್ಧ ನಿಮಿಷ ತಿಂದು, ತಿರುವು ಒಂದೇ ವಾಕ್ಯದಲ್ಲಿ ಹಾರಿಹೋಗಿ, ಪಾಠ ಮತ್ತೆ ಹತ್ತು ಸೆಕೆಂಡು ಎಳೆಯುತ್ತದೆ. ಹಿನ್ನೆಲೆ ಅಂದರೆ ಇತಿಹಾಸ ಅಂತ ತಿಳಿದಿರುವುದೇ ಕಾರಣ. ಹಿನ್ನೆಲೆಯ ಕೆಲಸ ಒಂದೇ: ತಿರುವು ಬಂದಾಗ ಅದು ಯಾಕೆ ಅಷ್ಟು ಕಷ್ಟ ಅಂತ ನೋಡುವವರಿಗೆ ಆಗಲೇ ಗೊತ್ತಿರಬೇಕು. ಉಗ್ಗು ಇರುವ ಅನೇಕರು ಸಿಕ್ಕಿಕೊಳ್ಳುವ ಪದವನ್ನು ತಪ್ಪಿಸಿ ಇನ್ನೊಂದು ಪದ ಹಿಡಿಯುತ್ತಾರೆ, ಹೆಸರಿಗೆ ಆ ದಾರಿ ಇಲ್ಲ. ಎಂಟು ಪದದ ಆ ಎರಡು ವಾಕ್ಯ ಇದ್ದರೆ ಫೋನ್ ಯಾಕೆ ಭಯ ಅಂತ ಬೇರೆ ವಿವರಿಸಬೇಕಾಗಿಲ್ಲ.

‘ಉಗ್ಗು’ ಅನ್ನುವ ಪದ ಹಿನ್ನೆಲೆಯಲ್ಲಿ ಇಲ್ಲ, ಗಮನಿಸಿ. ‘ನನಗೆ ಚಿಕ್ಕಂದಿನಿಂದ ಉಗ್ಗು’ ಅಂತ ಶುರು ಮಾಡಿದ್ದರೆ, ಬಚ್ಚಿಟ್ಟದ್ದನ್ನು ಬಾಯಿಬಿಟ್ಟು ಹೇಳಿದ ಆ ಗಳಿಗೆ ಎರಡನೇ ಸಲ ಕೇಳಿದ ಮಾತಾಗಿಬಿಡುತ್ತಿತ್ತು. ತಿರುವಿನಲ್ಲಿ ಬರಬೇಕಾದ ಮಾತನ್ನು ಮೊದಲೇ ಖರ್ಚು ಮಾಡಬೇಡಿ. ಸಾಧಾರಣವಾಗಿ ಬರೆದಿಟ್ಟ ಮೊದಲ ವಾಕ್ಯವನ್ನು ಹೊಡೆದುಹಾಕಿ ಎರಡನೆಯದರಿಂದ ಶುರು ಮಾಡಿದರೆ ಇದು ತಾನಾಗಿಯೇ ಸರಿಹೋಗುತ್ತದೆ.

ತಿರುವಿನ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ‘ಧೈರ್ಯ ಬಂತು’, ‘ನನ್ನನ್ನ ನಾನು ಒಪ್ಪಿಕೊಂಡೆ’ ಇವು ತಿರುವಲ್ಲ, ಆಮೇಲೆ ಕೂತು ಅದಕ್ಕೆ ಇಟ್ಟ ಹೆಸರು. ಪಕ್ಕದಲ್ಲಿ ಕ್ಯಾಮೆರಾ ಇದ್ದಿದ್ದರೆ ಏನು ಕಾಣುತ್ತಿತ್ತು, ಏನು ಕೇಳುತ್ತಿತ್ತು? ಅಷ್ಟೇ ಬೇಕು. ಕಟ್ ಮಾಡಬಹುದಾಗಿದ್ದ ಕರೆಯನ್ನು ಕಟ್ ಮಾಡಲಿಲ್ಲ, ಐದು ಪದ ಹೇಳಿದರು. ಇನ್ನೊಂದು ದಾರಿ ಎದುರಿಗೇ ಇತ್ತು ಅನ್ನುವುದು ಕಂಡರೆ ಮಾತ್ರ ಅದು ತಿರುವು.

ಪಾಠ ಅನ್ನುವ ಜಾಗದಲ್ಲಿ ಈಗಿನ ಸ್ಥಿತಿಯನ್ನು ಇಟ್ಟುಬಿಡಿ. ‘ನೀವೂ ಹೆದರಬೇಡಿ’ ಅಂದ ಕೂಡಲೇ ಅಲ್ಲಿಯವರೆಗೆ ನಿಮ್ಮ ಜೊತೆ ಇದ್ದವರು ಉಪದೇಶ ಕೇಳುವವರಾಗುತ್ತಾರೆ. ಇಲ್ಲಿ ಸುಳ್ಳು ನುಸುಳುವುದೂ ಸುಲಭ. ‘ಉಗ್ಗು ಈಗಲೂ ಇದೆ’ ತೆಗೆದುಹಾಕಿದರೆ, ಒಂದು ಫೋನ್ ಕರೆಯಿಂದ ಉಗ್ಗು ವಾಸಿಯಾಯಿತು ಅಂತ ಜನ ತಿಳಿಯುತ್ತಾರೆ. ಹಾಗೆ ಆಗುವುದಿಲ್ಲ. ಆ ಮೂರು ಪದವೇ ಇಡೀ ಕಥೆಯನ್ನು ನಿಜದ ಕಡೆ ಹಿಡಿದಿಟ್ಟಿರುವುದು.

ನೂರರ ವೇಗದಲ್ಲಿ 47 ಪದಕ್ಕೆ 28 ಸೆಕೆಂಡು ಸಾಕು. ಉಳಿದ 17 ಸೆಕೆಂಡು ಬೇಕೆಂದೇ ಬಿಟ್ಟದ್ದು. ಸಮಯದ ಒತ್ತಡ ಉಗ್ಗನ್ನು ಹೆಚ್ಚಿಸುತ್ತದೆ. 65 ಪದ ತುಂಬಿ ಗಡಿಯಾರ ನೋಡುತ್ತಾ ಹೇಳಿದರೆ ಪ್ರತಿ ಟೇಕೂ ಕೆಡುತ್ತದೆ. ಆಮೇಲೆ ಸಂಕಲನದಲ್ಲಿ ಮಾತು ನಿಂತ ಜಾಗಗಳನ್ನೆಲ್ಲ ಕತ್ತರಿಸಿದರೆ, ತಾಳಿ ಅಂತ ಕೇಳಿಕೊಂಡವರಿಗೆ ನೀವೇ ತಾಳ್ಮೆ ತೋರಿಸದ ಹಾಗಾಯಿತು. ಕತ್ತರಿಸುವುದಿದ್ದರೆ ಪದ ಕತ್ತರಿಸಿ, ಮೌನವನ್ನಲ್ಲ. ಉಗ್ಗು ಇಲ್ಲದವರಿಗೂ ಇಷ್ಟು ಅನ್ವಯಿಸುತ್ತದೆ: ತಿರುವಿನ ಮಾತು ಮುಗಿದ ಮೇಲೆ ಎರಡು ಸೆಕೆಂಡು ಸುಮ್ಮನಿರಿ. ಅದಕ್ಕೆ ಜಾಗ ಇಲ್ಲ ಅನ್ನಿಸಿದರೆ ಹಿನ್ನೆಲೆಯಲ್ಲಿ ಇನ್ನೂ ಒಂದು ವಾಕ್ಯ ಹೆಚ್ಚಿದೆ ಅಂತ ಅರ್ಥ.

ಸರಿಯಾಯಿತೋ ಇಲ್ಲವೋ ತಿಳಿಯಲು, ನಿಮ್ಮ ಕಥೆ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಕೇಳಿಸಿ. ಮಾರನೇ ದಿನ, ಅದರಲ್ಲಿ ಏನಿತ್ತು ಅಂತ ಕೇಳಿ. ‘ಯಾರೋ ಕಷ್ಟಪಟ್ಟು ಮುಂದೆ ಬಂದರು’ ಅಂದರೆ ಮತ್ತೆ ಬರೆಯಿರಿ. ‘ಫೋನಲ್ಲಿ ಸ್ವಲ್ಪ ತಾಳಿ ಅಂದ್ರಲ್ಲ’ ಅಂದರೆ ಬಿಟ್ಟುಬಿಡಿ, ಇನ್ನು ಮುಟ್ಟಬೇಡಿ.

ಇಷ್ಟು ಕೇಳಿದವರಲ್ಲಿ ಒಬ್ಬರಾದರೂ ‘ನನ್ನ ಕಥೆಯಲ್ಲಿ ತಿರುವೇ ಇಲ್ಲದಿದ್ದರೆ?’ ಅಂತ ಕೇಳಬಾರದೇ ಅನ್ನಿಸುತ್ತದೆ. ಎಷ್ಟೋ ಕಷ್ಟಗಳಲ್ಲಿ ಅದು ಇರುವುದಿಲ್ಲ. ಕಷ್ಟ ನಿಧಾನವಾಗಿ ಕರಗಿರುತ್ತದೆ, ಅಥವಾ ಕರಗಿರುವುದೇ ಇಲ್ಲ. ಆದರೆ ಮೂರು ಖಾನೆ ಕೊಟ್ಟಿದ್ದಾರೆ ಅಂತ ಮಧ್ಯದ ಖಾನೆಗೆ ಏನಾದರೂ ಹುಟ್ಟಿಸಿ ತುಂಬುತ್ತಾರೆ. ಹಾಗೆ ಹುಟ್ಟಿಸಿದ್ದು ಗೊತ್ತಾಗುತ್ತದೆ: ಅಲ್ಲಿಯವರೆಗೆ ನೀರು, ಫೋನು, ನೆಪ ಅಂತ ಇದ್ದ ಮಾತು ಅಲ್ಲಿಗೆ ಬಂದೊಡನೆ ‘ಸಂಕಲ್ಪ’, ‘ಛಲ’ ಅಂತ ಮೇಲೇರುತ್ತದೆ. ಹುಟ್ಟಿಸುವ ಬದಲು ಮಧ್ಯದ ಖಾನೆಯನ್ನೇ ತೆಗೆಯಿರಿ. ಹಿನ್ನೆಲೆಯ ಆ 16 ಪದ ಹಾಗೇ ಇರಲಿ, ಅದರ ಪಕ್ಕ ಇವತ್ತನ್ನು ಇಡಿ: ‘ನಿನ್ನೆನೂ ರಿಂಗಾಯ್ತು. ನೀರಿನ ಲೋಟ ಹಿಡ್ಕೊಂಡು ಬಾಗಿಲವರೆಗೂ ಹೋದೆ. ಅಲ್ಲೇ ನಿಂತೆ. ರಿಂಗ್ ನಿಲ್ಲೋವರೆಗೂ.’ ಅರ್ಧ ನಿಮಿಷವೂ ಆಗುವುದಿಲ್ಲ.